ಅಮ್ಮಮ್ಮನಿಗೆ ಯುಗಾದಿ ಕಾರ್ಡು ಮುಟ್ಟಿದ ಬಗೆ

ಫೆಬ್ರವರಿ 27ಕ್ಕೆ ಹಿಡಿದ ಕೆಲಸ ಮಾರ್ಚ್ 28ಕ್ಕೆ ಮುಗಿಯಿತು. ಬೆಂಗಳೂರಿನಲ್ಲಿ ಕುಳಿತು ಕೈಯಲ್ಲಿ ಒಂದು ಕಾರ್ಡು ಬರೆದು, ಶಿರಸಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿರುವ ಅಮ್ಮಮ್ಮನಿಗೆ ಯುಗಾದಿಯೊಳಗೆ ಮುಟ್ಟಿಸಬೇಕಿತ್ತು. ಇದಕ್ಕೆ ನಾಲ್ಕು ಕಾರ್ಡು ಮಾಡಿದೆ, ಮೂರು ಸಲ ಅಂಚೆ ಕಚೇರಿಗೆ ಹೋದೆ, ಎರಡು ವಾರ ಸರಿಯಾಗಿ ನಿದ್ದೆ ಮಾಡಲಿಲ್ಲ. ಇಷ್ಟೆಲ್ಲ ಆಗಬೇಕಾಗಿರಲಿಲ್ಲ. ನಿಮ್ಮ ಮನೆಯಲ್ಲೂ ಫೋನು ಮುಟ್ಟದ ಅಜ್ಜಿ ಇದ್ದು, ಮುಂದಿನ ಹಬ್ಬಕ್ಕೆ ಬರೆಯುವ ಮನಸ್ಸಿದ್ದರೆ ನನಗಾದದ್ದು ನಿಮಗೆ ಆಗದಿರಲಿ ಎಂದು ನಡೆದದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ಅಮ್ಮಮ್ಮನಿಗೆ ಎಂಬತ್ತೆರಡು. ಕಿವಿ ಮಂದವಾಗಿ ಐದಾರು ವರ್ಷವಾಯಿತು. ಹಬ್ಬದ ದಿನ ಮಾವ ತನ್ನ ಮೊಬೈಲನ್ನು ಅವಳ ಕಿವಿಗೆ ಹಿಡಿಯುತ್ತಾನೆ. ನಾನು ಈ ಕಡೆಯಿಂದ ಕೂಗುತ್ತೇನೆ, ಅವಳು "ಹೂಂ, ಹೂಂ" ಎನ್ನುತ್ತಾಳೆ, ನಡುವೆ ಸಿಗ್ನಲ್ ಹೋಗುತ್ತದೆ. ಈ ಸಂಕ್ರಾಂತಿಗೆ ಮಾತು ಮುಗಿಸಿ ಫೋನು ಇಡುವ ಮೊದಲು ಅವಳು ಮಾವನನ್ನು "ಯಾರು ಅದು?" ಎಂದು ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಆದರೆ ಓದು ಅವಳಿಗೆ ಇನ್ನೂ ಇದೆ. ಒಂದು ಕಣ್ಣಿನ ಪೊರೆ ತೆಗೆಸಿದ ಮೇಲೆ ಪಂಚಾಂಗವನ್ನೂ ಪತ್ರಿಕೆಯ ತಲೆಬರಹಗಳನ್ನೂ ಓದುತ್ತಾಳೆ. ನಡುಮನೆಯ ಗೋಡೆಯಲ್ಲಿ ಹಳೆಯ ಪತ್ರಗಳನ್ನು ಪೋಣಿಸಿದ ತಂತಿ ಈಗಲೂ ನೇತಾಡುತ್ತಿದೆ. ಅದರ ಮೇಲ್ತುದಿಯಲ್ಲಿರುವ ಇನ್‌ಲ್ಯಾಂಡ್ ಪತ್ರ ಸುಮಾರು ಇಪ್ಪತ್ತು ವರ್ಷದ್ದು. ಅದರ ಮೇಲೆ ಒಂದನ್ನು ಪೋಣಿಸುವಂತೆ ಮಾಡಬೇಕು ಎಂಬುದು ನನ್ನ ಆಸೆ.

ಅಂಗಡಿಯಲ್ಲಿ ಕನ್ನಡದ ಯುಗಾದಿ ಕಾರ್ಡು ಸಿಗಲಿಲ್ಲ. ನಾಲ್ಕು ಕಡೆ ಕೇಳಿ, ಕೊನೆಗೆ ಹೊಳಪಿನ ದಪ್ಪ ಹಾಳೆ ತಂದು ಮಡಚಿ ನಾನೇ ಕಾರ್ಡು ಮಾಡಿದೆ. ಮೇಲೆ ಮಾವಿನೆಲೆಯ ತೋರಣ ಬಿಡಿಸಿ ಒಳಗೆ ಜೆಲ್ ಪೆನ್ನಿನಲ್ಲಿ ಬರೆದೆ. ಹತ್ತು ನಿಮಿಷ ಬಿಟ್ಟು ಮಡಚಿದೆ. ತೆರೆದು ನೋಡಿದರೆ ಎಡಪುಟದ ಅಕ್ಷರಗಳೆಲ್ಲ ಬಲಪುಟಕ್ಕೆ ಅಚ್ಚಾಗಿದ್ದವು. ಹೊಳಪಿನ ಕಾಗದ ಶಾಯಿಯನ್ನು ಕುಡಿಯುವುದಿಲ್ಲ, ಅದು ಮೇಲೆಯೇ ನಿಂತಿರುತ್ತದೆ. ಅದೂ ಅಲ್ಲದೆ ದೀಪದ ಕೆಳಗೆ ಹಿಡಿದರೆ ಹೊಳೆದು ಅಕ್ಷರವೇ ಕಾಣಿಸದು. ಪೊರೆ ತೆಗೆಸಿದ ಕಣ್ಣಿಗೆ ಆ ಪ್ರತಿಫಲನ ಇನ್ನೂ ತೊಂದರೆ ಕೊಡುತ್ತದೆ ಎಂದು ಆಯಿ ಹೇಳಿದಳು. (ನಮ್ಮ ಕಡೆ ತಾಯಿಗೆ ಆಯಿ ಎನ್ನುತ್ತೇವೆ, ಅಜ್ಜಿಗೆ ಅಮ್ಮಮ್ಮ.) ಮರುದಿನ ಹೊಳಪಿಲ್ಲದ, ಸ್ವಲ್ಪ ಕೆನೆ ಬಣ್ಣದ ದಪ್ಪ ಹಾಳೆಗಳನ್ನು ತಂದೆ. ಹಾಳೆಯೊಂದಕ್ಕೆ ಹತ್ತು ರೂಪಾಯಿ. ಅದರ ಮೇಲೆ ಕಪ್ಪು ಜೆಲ್ ಪೆನ್ನು ಚೆನ್ನಾಗಿ ಕೂತಿತು. ಲಕೋಟೆಯ ಮೇಲಿನ ವಿಳಾಸವನ್ನು ಮಾತ್ರ ಬಾಲ್ ಪೆನ್ನಿನಲ್ಲೇ ಬರೆಯಿರಿ. ಜೆಲ್ ಶಾಯಿಗೆ ಒಂದು ಹನಿ ನೀರು ತಾಗಿದರೂ ವಿಳಾಸ ಕದಡಿ ಹೋಗುತ್ತದೆ.

ಅಕ್ಷರದ ಗಾತ್ರದ ಬಗ್ಗೆ ನಾನು ತುಂಬ ತಲೆ ಕೆಡಿಸಿಕೊಂಡೆ. ಕನ್ನಡದಲ್ಲಿ ಅಕ್ಷರ ದೊಡ್ಡದು ಮಾಡಿದರಷ್ಟೇ ಸಾಲದು, ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು. "ಸಾಷ್ಟಾಂಗ" ಎಂದು ಬರೆದರೆ ಟಕಾರದ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಹೋಗಿ ಕೂರುತ್ತದೆ, ಕಣ್ಣು ಮಂಜಾದವರಿಗೆ ಎರಡೂ ಸೇರಿ ಒಂದು ಗಂಟಿನಂತೆ ಕಾಣುತ್ತದೆ. ಹಲವು ಬಾರಿ ಬರೆದು ನೋಡಿದ ಮೇಲೆ ಅಕ್ಷರದ ಎತ್ತರ ಎಂಟು ಮಿಲಿಮೀಟರ್, ಒಂದು ಸಾಲಿನಿಂದ ಇನ್ನೊಂದಕ್ಕೆ ಎರಡು ಸೆಂಟಿಮೀಟರ್ ಎಂದು ಗೊತ್ತು ಮಾಡಿಕೊಂಡೆ. ಪೆನ್ಸಿಲಿನಲ್ಲಿ ಸಣ್ಣಗೆ ಗೆರೆ ಎಳೆದು, ಬರೆದು ಒಣಗಿದ ಮೇಲೆ ಅಳಿಸಿದರಾಯಿತು. ಎ4 ಹಾಳೆಯನ್ನು ನಡುವೆ ಮಡಚಿದರೆ ಸಿಗುವ ಪುಟದಲ್ಲಿ ಈ ಲೆಕ್ಕಕ್ಕೆ ಒಂಬತ್ತು ಸಾಲು, ಸಾಲಿಗೆ ಎರಡು ಮೂರು ಪದ. ಒಳಗಿನ ಎರಡು ಪುಟ ಸೇರಿ ಐವತ್ತು ಪದವೂ ಹಿಡಿಸುವುದಿಲ್ಲ. ಹಾಗಾಗಿ ಹೇಳಬೇಕಾದದ್ದನ್ನು ಮೊದಲು ಬೇರೆ ಕಾಗದದಲ್ಲಿ ಬರೆದು, ತೂಗಿ, ತೆಗೆದು, ಆಮೇಲೆ ಕಾರ್ಡಿಗೆ ಇಳಿಸಬೇಕು.

ಏನು ಬರೆಯುವುದು ಎಂಬಲ್ಲೇ ಒಂದು ತೊಡಕು ಎದುರಾಯಿತು. ಯುಗಾದಿಯ ಶುಭಾಶಯದಲ್ಲಿ ಸಂವತ್ಸರದ ಹೆಸರು ಹಾಕುವುದು ರೂಢಿ. ಪಂಚಾಂಗ ನೋಡದೆ ಒಂದು ದಿನವೂ ಕಳೆಯದ ಅಮ್ಮಮ್ಮನಿಗಂತೂ ಅದನ್ನು ಬಿಟ್ಟು ಬರೆಯುವ ಹಾಗಿಲ್ಲ. ಈ ಮಾರ್ಚ್ 19ಕ್ಕೆ ಆರಂಭವಾದ ಸಂವತ್ಸರದ ಹೆಸರು ಪರಾಭವ. ಪರಾಭವ ಎಂದರೆ ಸೋಲು. "ಪರಾಭವ ಸಂವತ್ಸರ ನಿನಗೆ ಸುಖ ತರಲಿ" ಎಂದು ಬರೆದು ನೋಡಿದೆ, ಓದಲು ಕಹಿಯಾಯಿತು. ಹೆಸರನ್ನೇ ಬಿಟ್ಟು "ನೂತನ ಸಂವತ್ಸರ" ಎಂದು ಬರೆಯಲೇ ಎಂದು ಆಯಿಗೆ ಫೋನು ಮಾಡಿ ಕೇಳಿದೆ. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಜಾತಕದಲ್ಲಿ ಬರೆದಿರುವುದೂ ಅದೇ ಹೆಸರು" ಎಂದಳು.

ಲೆಕ್ಕ ಹಾಕಿದರೆ ನಿಜ. ಸಂವತ್ಸರಗಳು ಅರವತ್ತು, ಪರಾಭವ ಅದರಲ್ಲಿ ನಲವತ್ತನೆಯದು. ಚಕ್ರ ತಿರುಗಿ ಅದೇ ಹೆಸರು ಮತ್ತೆ ಬರಲು ಅರವತ್ತು ವರ್ಷ ಬೇಕು. ಹಿಂದಿನ ಪರಾಭವ 1966ರ ಯುಗಾದಿಗೆ ಬಂದಿತ್ತು, ಆ ವರ್ಷದ ಕಾರ್ತಿಕದಲ್ಲಿ ಆಯಿ ಹುಟ್ಟಿದಳು. ಅಮ್ಮಮ್ಮನಿಗೆ ಅವಳೇ ಮೊದಲ ಮಗು. ಅಮ್ಮಮ್ಮನ ಪಾಲಿಗೆ ಪರಾಭವ ಎಂದರೆ ಸೋಲಲ್ಲ, ಮಗಳು ಹುಟ್ಟಿದ ವರ್ಷ. ಇದಕ್ಕಿಂತ ಬೇರೆ ಶುಭಾಶಯ ಬೇಡ ಎನಿಸಿತು.

ಇನ್ನು ಸಂಬೋಧನೆ. ತಂತಿಯಲ್ಲಿರುವ ಹಳೆಯ ಪತ್ರಗಳಲ್ಲೆಲ್ಲ ಮೇಲೆ ನಡುವೆ "ಶ್ರೀ", ಒಂದು ಪಕ್ಕದಲ್ಲಿ "ಕ್ಷೇಮ", ಇನ್ನೊಂದು ಪಕ್ಕದಲ್ಲಿ ಊರು ಮತ್ತು ತಾರೀಕು ಇರುತ್ತಿದ್ದವು. ಈ "ಕ್ಷೇಮ" ಎಂಬ ಪದವನ್ನು ದಯವಿಟ್ಟು ಬಿಡಬೇಡಿ. ಆ ತಲೆಮಾರಿನವರು ಕಾಗದ ಕೈಗೆ ಬಂದೊಡನೆ ಮೊದಲು ಹುಡುಕುವುದು ಅದನ್ನೇ. ಅದು ಕಂಡ ಮೇಲೆ ಉಸಿರು ಬಿಟ್ಟು ಮುಂದಕ್ಕೆ ಓದುತ್ತಾರೆ. ದೊಡ್ಡವರಿಗೆ ಬರೆಯುವಾಗ "ತಾವು" ಎನ್ನುವುದು ಪತ್ರದ ಪದ್ಧತಿ, ಆದರೆ ಮನೆಯಲ್ಲಿ ಅವಳನ್ನು "ನೀನು" ಎಂದೇ ಕರೆದು ಬೆಳೆದವಳು ನಾನು. ಹಾಗಾಗಿ ಮೊದಲ ಸಾಲಿನಲ್ಲಿ ಪದ್ಧತಿಯ ನಮಸ್ಕಾರ ಇಟ್ಟು, ಮುಂದೆ "ನೀನು" ಎಂದೇ ಬರೆದೆ. ಕೊನೆಗೆ ಉಳಿದ ಬರಹ ಇಷ್ಟು:

"ಅಮ್ಮಮ್ಮನಿಗೆ ಸಾಷ್ಟಾಂಗ ನಮಸ್ಕಾರಗಳು. ಪರಾಭವ ಸಂವತ್ಸರ ಮತ್ತೆ ಬಂದಿದೆ. ಹಿಂದಿನ ಪರಾಭವದಲ್ಲಿ ನೀನು ನನ್ನ ಆಯಿಯನ್ನು ಹೆತ್ತೆ. ಈ ಪರಾಭವದಲ್ಲಿ ಅವಳಿಗೆ ಅರವತ್ತು. ಯುಗಾದಿಯ ಶುಭಾಶಯಗಳು. ಬೇವು ಬೆಲ್ಲ ತಿನ್ನುವಾಗ ನಿನ್ನನ್ನು ನೆನೆಯುತ್ತೇನೆ. ಗೌರಿ ಕರು ಹಾಕಿತೇ? ನಿನ್ನ ಕಾಲುನೋವು ಹೇಗಿದೆ? ಒಳಗಿರುವ ಕಾಗದದಲ್ಲಿ ಬರೆದು ಕಳಿಸು. ಮೇ ತಿಂಗಳಲ್ಲಿ ಬರುತ್ತೇನೆ."

ಒಳಗಿರುವ ಕಾಗದ ಎಂದರೆ ಎರಡೂವರೆ ರೂಪಾಯಿಯ ಇನ್‌ಲ್ಯಾಂಡ್ ಪತ್ರ. ಅದರ ಮೇಲೆ ನನ್ನ ವಿಳಾಸವನ್ನು ನಾನೇ ಬರೆದು ಕಾರ್ಡಿನೊಳಗೆ ಇಟ್ಟೆ. ಉತ್ತರ ಬರೆಯಬೇಕೆಂದು ಅಜ್ಜಿಗೆ ಮನಸ್ಸಿದ್ದರೂ ಕಾಗದ ತರುವವರಾರು, ವಿಳಾಸ ಬರೆಯುವವರಾರು ಎಂಬಲ್ಲಿಗೆ ಅದು ನಿಂತುಹೋಗುತ್ತದೆ. ಇನ್‌ಲ್ಯಾಂಡಿನಲ್ಲಿ ಅಂಚೆಯ ಖರ್ಚೂ ಸೇರಿರುವುದರಿಂದ ಬರೆದು, ಅಂಟಿಸಿ, ಮರುದಿನ ಬಂದ ಅಂಚೆಯವನ ಕೈಗೆ ಕೊಟ್ಟರೆ ಮುಗಿಯಿತು. ಹಾಗೆಯೇ "ಹೇಗಿದ್ದೀಯ" ಎಂದಷ್ಟೇ ಕೇಳುವ ಬದಲು ಹೆಸರು ಹಿಡಿದು ಒಂದೆರಡು ಪ್ರಶ್ನೆ ಕೇಳಿದರೆ ಅವರಿಗೆ ಬರೆಯಲು ಆರಂಭ ಸಿಗುತ್ತದೆ.

ಕಾರ್ಡು ಚಂದ ಕಾಣಲಿ ಎಂದು ನಾಲ್ಕು ಮೂಲೆಗಳನ್ನೂ ಓರೆಯಾಗಿ ಕತ್ತರಿಸಿದ್ದೆ. ಲಕೋಟೆಗೆ ಹಾಕುವ ಮೊದಲು, ವಯಸ್ಸಾದ ಕಣ್ಣಿಗೆ ಅಕ್ಷರ ಕಾಣುತ್ತದೆಯೇ ನೋಡೋಣವೆಂದು ಮೇಲಿನ ಮಹಡಿಯ ಅಜ್ಜಿಯ ಹತ್ತಿರ ಒಯ್ದೆ. ಅವರಿಗೂ ಎಂಬತ್ತು ಸಮೀಪಿಸಿದೆ. ಕಾರ್ಡು ಕೈಗೆ ತೆಗೆದುಕೊಂಡವರು ಅಕ್ಷರ ನೋಡಲಿಲ್ಲ. ಮೂಲೆಯ ಮೇಲೆ ಬೆರಳಾಡಿಸಿ, "ಇದನ್ನು ಯಾಕಮ್ಮ ಕತ್ತರಿಸಿದೆ?" ಎಂದರು. ಚಂದಕ್ಕೆ ಎಂದೆ. "ನಮ್ಮ ಕಾಲದಲ್ಲಿ ಮೂಲೆ ಹರಿದ ಕಾರ್ಡು ಬಂತೆಂದರೆ ಯಾರೋ ಹೋದರು ಎಂದು ಅರ್ಥ. ಅದನ್ನು ಒಳಗೇ ತರುತ್ತಿರಲಿಲ್ಲ. ಹೊರಗೆ ಓದಿ, ಹರಿದು ಎಸೆದು, ಸ್ನಾನ ಮಾಡಿ ಒಳಗೆ ಬರುತ್ತಿದ್ದೆವು."

ನನ್ನ ಕೈಕಾಲು ತಣ್ಣಗಾಯಿತು. ಆಯಿಯನ್ನು ಕೇಳಿದೆ. ನಮ್ಮ ಕಡೆಯೂ ಹಾಗೆಯೇ, ಸಾವಿನ ಸುದ್ದಿಯ ಕಾರ್ಡಿಗೆ ಮೂಲೆ ಹರಿಯುತ್ತಿದ್ದರು ಎಂದಳು. ಅಂಗಳದಲ್ಲಿ ಒಬ್ಬಳೇ ನಿಂತು ಆ ಕಾರ್ಡನ್ನು ತೆರೆಯುತ್ತಿರುವ ಅಮ್ಮಮ್ಮ ಕಣ್ಣ ಮುಂದೆ ಬಂದಳು. ಆ ಕಾರ್ಡನ್ನು ಅಂದೇ ಹರಿದು ಹಾಕಿದೆ. ಅಂಗಡಿಯಲ್ಲಿ ಮೂಲೆ ಕತ್ತರಿಸುವ ಅಲಂಕಾರದ ಯಂತ್ರಗಳು ಸಿಗುತ್ತವೆ, ಕಪ್ಪು ಅಂಚಿನ ಕಾರ್ಡುಗಳೂ ಸಿಗುತ್ತವೆ. ಹಿರಿಯರಿಗೆ ಕಳಿಸುವ ಕಾಗದಕ್ಕೆ ಇವೆರಡೂ ಬೇಡ. ಮೇಲಿನ ಮಹಡಿಯ ಅಜ್ಜಿಯೇ ಹೇಳಿಕೊಟ್ಟಂತೆ, ಮೂರನೆಯ ಕಾರ್ಡಿನ ನಾಲ್ಕು ಮೂಲೆಗಳನ್ನು ನೆಟ್ಟಗೆ ಬಿಟ್ಟು, ಲಗ್ನಪತ್ರಿಕೆಗೆ ಹಚ್ಚುವಂತೆ ಅರಿಶಿನ ಹಚ್ಚಿದೆ. ಅರಿಶಿನಕ್ಕೆ ನೀರು ಹೆಚ್ಚಾದರೆ ಕಾಗದ ಉಬ್ಬಿ ಹಿಂಬದಿಗೂ ಇಳಿಯುತ್ತದೆ. ಬೆರಳ ತುದಿಗೆ ಅಂಟುವಷ್ಟು ಗಟ್ಟಿಯಾಗಿ ಕಲಸಿ, ಹಚ್ಚಿ, ಒಂದು ರಾತ್ರಿ ನೆರಳಿನಲ್ಲಿ ಒಣಗಿಸಬೇಕು.

ವಿಳಾಸ ಬರೆಯುವುದು ಸುಲಭ ಎಂದುಕೊಂಡಿದ್ದೆ. ಹಳೆಯ ಲಕೋಟೆಗಳಲ್ಲಿ ಅಜ್ಜ ಇದ್ದಷ್ಟು ಕಾಲ ಅಮ್ಮಮ್ಮನ ಹೆಸರಿನ ಹಿಂದೆ "ಸೌ." ಇರುತ್ತಿತ್ತು, ಆಮೇಲೆ "ಗಂ.ಭಾ." ಎಂದಾಯಿತು. ಅದನ್ನು ನನ್ನ ಕೈಯಲ್ಲಿ ಬರೆಯಲು ಆಗಲಿಲ್ಲ. ಶ್ರೀಮತಿ ಎಂದಷ್ಟೇ ಬರೆದೆ. ಊರಿನಲ್ಲಿ ಮನೆಗೊಬ್ಬರು ಹೆಗಡೆಯವರು ಇರುವುದರಿಂದ ಕೇರಾಫ್ ಎಂದು ಮಾವನ ಹೆಸರನ್ನೂ ಮನೆಯ ಹೆಸರನ್ನೂ ಸೇರಿಸಿದೆ. ಆಮೇಲೆ ಊರು, ತಾಲ್ಲೂಕು ಶಿರಸಿ, ಜಿಲ್ಲೆ ಉತ್ತರ ಕನ್ನಡ, ಪಿನ್ 581401.

ತಪ್ಪಿದ್ದು ಇಲ್ಲೇ. 581401 ಶಿರಸಿ ಪೇಟೆಯದು. ಪಿನ್ ಕೋಡು ತಾಲ್ಲೂಕಿನ ಸಂಖ್ಯೆಯಲ್ಲ, ಬಟವಾಡೆ ಮಾಡುವ ಅಂಚೆ ಕಚೇರಿಯ ಸಂಖ್ಯೆ. ಮೊದಲ ಮೂರು ಅಂಕಿ ಕಾಗದವನ್ನು ಆ ಭಾಗದ ವಿಂಗಡಣೆಗೆ ಒಯ್ಯುತ್ತವೆ, ಕೊನೆಯ ಮೂರು ಅಂಕಿ ನಿರ್ದಿಷ್ಟ ಕಚೇರಿಯನ್ನು ತೋರಿಸುತ್ತವೆ. ನಮ್ಮೂರಿನ ಕಾಗದ ಬರುವುದು ಪಕ್ಕದ ಊರಿನ ಶಾಖಾ ಅಂಚೆ ಕಚೇರಿಗೆ, ಅದರ ಪಿನ್ ಬೇರೆ. ಅಷ್ಟೇ ಅಲ್ಲ, "ಅಂಚೆ:" ಎಂದು ಆ ಪಕ್ಕದ ಊರಿನ ಹೆಸರನ್ನು ಬರೆಯಲೇಬೇಕಿತ್ತು, ನಾನು ಬರೆದಿರಲಿಲ್ಲ. ಮನೆಯಲ್ಲಿ ಯಾವುದಾದರೂ ಹಳೆಯ ಲಗ್ನಪತ್ರಿಕೆ ಇದ್ದರೆ ಅದರ ಹಿಂದಿನ ವಿಳಾಸ ನೋಡಿ, ಇಲ್ಲವೇ ಊರಿನವರನ್ನೇ ಕೇಳಿ. ನೆನಪಿನಿಂದ ಬರೆಯಬೇಡಿ.

ಮಾರ್ಚ್ 5ರ ಗುರುವಾರ ಅಂಚೆ ಕಚೇರಿಗೆ ಹೋದೆ. ಕಿಟಕಿಯ ಮುಂದೆ ಮುಕ್ಕಾಲು ಗಂಟೆ ನಿಂತ ಮೇಲೆ ನನ್ನ ಸರದಿ ಬಂತು. ಒಳಗಿದ್ದವರು ಲಕೋಟೆಯನ್ನು ನೋಡಿ ಐದು ರೂಪಾಯಿಯ ಅಂಚೆಚೀಟಿ ಕೊಟ್ಟರು. ತೂಕ ಮಾಡಲಿಲ್ಲ, ತೂಕ ಮಾಡಿ ಎಂದು ನಾನೂ ಕೇಳಲಿಲ್ಲ. ಅಂಟಿಸಿ, ಹೊರಗಿನ ಕೆಂಪು ಡಬ್ಬಿಗೆ ಹಾಕಿ, ಹಗುರಾಗಿ ಮನೆಗೆ ಬಂದೆ.

ನಾಲ್ಕು ದಿನ, ಹೆಚ್ಚೆಂದರೆ ಐದು ದಿನ ಎಂದುಕೊಂಡಿದ್ದೆ. ಸೋಮವಾರದಿಂದ ಮಾವನನ್ನು ಕೇಳತೊಡಗಿದೆ. ಬಂದಿಲ್ಲ. ಮಂಗಳವಾರವೂ ಇಲ್ಲ. ಗುರುವಾರ ರಾತ್ರಿ ಮಾವ, "ಇನ್ನೂ ಒಂದು ವಾರ ಇದೆ, ಬಂದೀತು" ಎಂದ. ಸಾದಾ ಅಂಚೆಯಲ್ಲಿ ಹೋದ ಕಾಗದ ಎಲ್ಲಿದೆ ಎಂದು ನೋಡುವ ದಾರಿಯೇ ಇಲ್ಲ. ಪಡೆಯುವವರ ಕೈಯಲ್ಲಿ ಫೋನು ಇದ್ದರೆ ಅದೊಂದು ಮಾತು. ಇಲ್ಲಿ ಅಮ್ಮಮ್ಮನಿಗೆ ಕಾಗದ ಬರುತ್ತಿದೆ ಎಂಬುದೇ ಗೊತ್ತಿಲ್ಲ, ಅವಳಿಗೆ ಅಚ್ಚರಿಯಾಗಲಿ, ಹೇಳಬೇಡ ಎಂದು ಮಾವನಿಗೂ ಹೇಳಿಟ್ಟಿದ್ದೆ. ಆ ರಾತ್ರಿ ಕಾರ್ಡಿನಷ್ಟೇ ದಪ್ಪದ ಹಾಳೆ, ಲಕೋಟೆ, ಇನ್‌ಲ್ಯಾಂಡ್ ಮೂರನ್ನೂ ಅಡುಗೆಮನೆಯ ತಕ್ಕಡಿಯ ಮೇಲಿಟ್ಟೆ. ಇಪ್ಪತ್ತಾರು ಗ್ರಾಂ. ಹಾಳೆಯ ಕಟ್ಟಿನ ಮೇಲೆ 250 ಜಿಎಸ್‌ಎಂ ಎಂದಿತ್ತು, ಆ ದಪ್ಪದ ಎ4 ಹಾಳೆಯೊಂದೇ ಹದಿನೈದೂವರೆ ಗ್ರಾಮಿಗಿಂತ ಹೆಚ್ಚು ತೂಗುತ್ತದೆ. ಐದು ರೂಪಾಯಿ ಸಾಕಾಗುವುದು ಇಪ್ಪತ್ತು ಗ್ರಾಂವರೆಗೆ ಮಾತ್ರ. ಅದು ದಾಟಿದರೆ ಇನ್ನೂ ಐದು ರೂಪಾಯಿಯ ಚೀಟಿ ಬೇಕು. ಚೀಟಿ ಕಡಿಮೆ ಬಿದ್ದ ಕಾಗದ ಬೇರಿಂಗ್ ಆಗುತ್ತದೆ, ಕಡಿಮೆ ಬಿದ್ದದ್ದರ ಎರಡರಷ್ಟನ್ನು ಪಡೆಯುವವರಿಂದ ಕೇಳುತ್ತಾರೆ. ಅಮ್ಮಮ್ಮನ ಹಬ್ಬದ ಕಾಗದಕ್ಕೆ ಅವಳೇ ದಂಡ ಕಟ್ಟಬೇಕು, ಕಟ್ಟದಿದ್ದರೆ ಅದು ಹಿಂದಕ್ಕೆ ಬರುತ್ತದೆ. ನನಗೆ ಅಳು ಬಂತು.

ರಾತ್ರಿಯೇ ಕುಳಿತು ನಾಲ್ಕನೆಯ ಕಾರ್ಡು ಬರೆದೆ. ಅದೇ ಮಾತುಗಳು. ಅರಿಶಿನ ಒಣಗಲು ಫ್ಯಾನಿನ ಕೆಳಗಿಟ್ಟೆ. ಮಾವನಿಗೆ ವಿಷಯವನ್ನೆಲ್ಲ ಹೇಳಿ ಸರಿಯಾದ ಅಂಚೆ, ಸರಿಯಾದ ಪಿನ್ ಬರೆದುಕೊಂಡೆ. ಶುಕ್ರವಾರ, ಮಾರ್ಚ್ 13ರ ಬೆಳಗ್ಗೆ ಅಂಚೆ ಕಚೇರಿಯ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿದ್ದೆ. "ರಿಜಿಸ್ಟರ್ ಮಾಡಿ" ಎಂದೆ. ಹಿಂದೆ ಆಯಿ ಹಾಗೆಯೇ ಹೇಳುತ್ತಿದ್ದಳು. 2025ರ ಸೆಪ್ಟೆಂಬರಿನಿಂದ ರಿಜಿಸ್ಟರ್ಡ್ ಪೋಸ್ಟ್ ಬೇರೆಯಾಗಿ ಇಲ್ಲ, ಅದನ್ನು ಸ್ಪೀಡ್ ಪೋಸ್ಟಿನಲ್ಲೇ ಸೇರಿಸಿದ್ದಾರೆ ಎಂದು ಕಿಟಕಿಯಲ್ಲಿದ್ದ ಹೆಂಗಸು ತಾಳ್ಮೆಯಿಂದ ಹೇಳಿದರು. ತೂಕ ಮಾಡಿ, ತೆರಿಗೆ ಸೇರಿ ಸುಮಾರು ಐವತ್ತೈದು ರೂಪಾಯಿ ತೆಗೆದುಕೊಂಡು ರಸೀದಿ ಕೊಟ್ಟರು. ಅದರ ಮೇಲಿನ ಸಂಖ್ಯೆಯನ್ನು ಹಾಕಿದರೆ ಕಾಗದ ಎಲ್ಲಿಗೆ ಬಂತು ಎಂದು ತಿಳಿಯುತ್ತದೆ. ಐದು, ಹತ್ತು ರೂಪಾಯಿಯಲ್ಲಿ ಆಗುವ ಕೆಲಸಕ್ಕೆ ಐವತ್ತೈದು ಹೆಚ್ಚೆನಿಸಬಹುದು. ಹಬ್ಬಕ್ಕೆ ಎರಡು ವಾರ ಇದ್ದರೆ, ತೂಗಿಸಿ ಸರಿಯಾದ ಚೀಟಿ ಹಚ್ಚಿದ ಸಾದಾ ಅಂಚೆ ಧಾರಾಳ ಸಾಕು. ಒಂದು ವಾರವಷ್ಟೇ ಉಳಿದಿದ್ದರೆ ಮತ್ತು ತಲುಪಿದ್ದು ಗೊತ್ತಾಗಲೇಬೇಕು ಎಂದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. ಒಂದು ಎಚ್ಚರಿಕೆ: ಅದನ್ನು ಸಹಿ ಪಡೆದೇ ಕೊಡುತ್ತಾರೆ, ಆದ್ದರಿಂದ ಅಂಚೆಯವರು ಬರುವ ಹೊತ್ತಿಗೆ ಮನೆಯಲ್ಲಿ ಯಾರಾದರೂ ಇರಬೇಕು. ಮಾವ ಆ ಮೂರು ದಿನ ಬೆಳಗ್ಗೆ ತೋಟಕ್ಕೆ ಇಳಿಯಲಿಲ್ಲ.

ಸೋಮವಾರ ಮಧ್ಯಾಹ್ನ ನನ್ನ ಮೊಬೈಲಿಗೆ ಬಟವಾಡೆಯಾಗಿದೆ ಎಂಬ ಸಂದೇಶ ಬಂತು. ಸಂಜೆ ಮಾವ ಫೋನು ಮಾಡಿದ. ಅಂಚೆಯವನು ಬಂದಾಗ ಅಮ್ಮಮ್ಮ ಜಗುಲಿಯಲ್ಲಿ ಅಡಿಕೆ ಆರಿಸುತ್ತಿದ್ದಳಂತೆ. ತನ್ನ ಹೆಸರಿಗೆ ಬಂದಿದೆ ಎಂದಾಗ ಮೊದಲು ಕೈ ತೊಳೆದು ಬಂದಳಂತೆ. ಸಹಿಯನ್ನು ಮಾವನಿಂದ ಮಾಡಿಸಲಿಲ್ಲ, ತಾನೇ ಮಾಡಿದಳು. ಲಕೋಟೆಯನ್ನು ಹರಿಯದೆ ಚಾಕುವಿನಿಂದ ಬಿಡಿಸಿ, ಅರಿಶಿನದ ಮೂಲೆ ನೋಡಿ, "ಕ್ಷೇಮ" ಓದಿ, ಆಮೇಲೆ ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿದಳು. ಪರಾಭವದ ಸಾಲು ಬಂದಾಗ ನಿಲ್ಲಿಸಿ, ಆಯಿ ಹುಟ್ಟಿದ ರಾತ್ರಿ ಹಳ್ಳದಲ್ಲಿ ನೀರು ಬಂದು ಸೂಲಗಿತ್ತಿ ಆಚೆ ದಡದಲ್ಲೇ ಉಳಿದಿದ್ದನ್ನು ಹೇಳಿದಳಂತೆ. ಮಾವನೂ ಅದನ್ನು ಕೇಳಿದ್ದು ಅದೇ ಮೊದಲು.

ಹಬ್ಬದ ಹಿಂದಿನ ದಿನ, ಬುಧವಾರ, ಮೂರನೆಯ ಕಾರ್ಡೂ ಬಂದು ಮುಟ್ಟಿತು. ಹಿಂಬದಿಯಲ್ಲಿ ಶಿರಸಿಯ ಮುದ್ರೆ, ಅದರ ಪಕ್ಕದಲ್ಲಿ ಯಾರೋ ಪೆನ್ನಿನಿಂದ ಸರಿಯಾದ ಅಂಚೆಯ ಹೆಸರು ಬರೆದು ದಾರಿ ತೋರಿಸಿದ್ದರು. ಆ ಯಾರೋ ಒಬ್ಬರಿಗೆ ನಾನು ಋಣಿ. ಮಾವ ಹತ್ತು ರೂಪಾಯಿ ಕಟ್ಟಿ ಬಿಡಿಸಿಕೊಂಡ.

ಮಾರ್ಚ್ 28ರ ಶನಿವಾರ ನನ್ನ ಅಕ್ಷರದಲ್ಲಿ ನನ್ನದೇ ವಿಳಾಸವಿದ್ದ ಇನ್‌ಲ್ಯಾಂಡ್ ಪತ್ರ ಬಾಗಿಲ ಕೆಳಗೆ ಬಿದ್ದಿತ್ತು. ಒಳಗೆ ಮೇಲೆ ನಡುವೆ ಶ್ರೀ, ಎಡಕ್ಕೆ ಕ್ಷೇಮ. ಅಕ್ಷರ ನಡುಗಿದ್ದರೂ ಸಾಲು ಸೊಟ್ಟಗಾಗಿರಲಿಲ್ಲ. ಗೌರಿ ಹೆಣ್ಣುಕರು ಹಾಕಿದೆ, ಹಬ್ಬದ ಮರುದಿನ. ಕಾಲುನೋವು ಎಣ್ಣೆ ತಿಕ್ಕಿದರೆ ಕಡಿಮೆ, ಇಲ್ಲದಿದ್ದರೆ ಇದೆ. ಎರಡು ಕಾಗದದಲ್ಲೂ ಒಂದೇ ಮಾತು ಬರೆದದ್ದು ಯಾಕೆ ಎಂದು ಕೇಳಿದ್ದಳು. ಕೊನೆಯ ಸಾಲುಗಳನ್ನು ಹಾಗೆಯೇ ಇಳಿಸುತ್ತೇನೆ: "ನನ್ನ ಹತ್ತಿರ ಭೂತಗನ್ನಡಿ ಇದೆ. ಅಕ್ಷರ ಇಷ್ಟು ದೊಡ್ಡದು ಬೇಡ. ಮುಂದಿನ ಸಲ ಸಣ್ಣದಾಗಿ ಬರೆ, ಹೆಚ್ಚು ಬರೆ."